ಒಂಬತ್ತು ಟಿಕ್ ಮಾರ್ಕುಗಳಲ್ಲಿ ಉಳಿಯುವುದೆಷ್ಟು? ಹೋಲಿಕೆ ಪಟ್ಟಿಯನ್ನು ಅನುಮಾನದಿಂದ ಓದುವ ಬಗೆ

ಹೊಸ ಉತ್ಪನ್ನದ ಕರಡು ಯೋಜನೆ ಕೈಗೆ ಬಂದರೆ ಸುಮಾರು ಮಧ್ಯಭಾಗದಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಮೊದಲ ಕಾಲಂನಲ್ಲಿ ನಮ್ಮ ಉತ್ಪನ್ನ, ಪಕ್ಕದಲ್ಲಿ ಮೂವರು ಪ್ರತಿಸ್ಪರ್ಧಿಗಳು. ನಮ್ಮ ಕಾಲಂ ಮೇಲಿನಿಂದ ಕೆಳಗಿನವರೆಗೂ ಟಿಕ್, ಉಳಿದವರಿಗೆ ಅಲ್ಲೊಂದು ಇಲ್ಲೊಂದು. ಇಂಥ ಪಟ್ಟಿ ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ಆದರೆ ಯಾವ ಸಾಲುಗಳಿರಬೇಕು ಎಂದು ತೀರ್ಮಾನಿಸಿದವರು ನಾವೇ ಆದ್ದರಿಂದ ಗೆಲುವು ಮೊದಲೇ ನಿಶ್ಚಯವಾಗಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕ್ಲಿನಿಕ್‌ಗಳಿಗಾಗಿ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್. ಪ್ರತಿಸ್ಪರ್ಧಿಗಳನ್ನು ಕ, ಖ, ಗ ಎನ್ನೋಣ. ಪಟ್ಟಿಯಲ್ಲಿರುವ 9 ಸಾಲುಗಳು: ಆನ್‌ಲೈನ್ ಬುಕಿಂಗ್, ಎಸ್‌ಎಂಎಸ್ ಜ್ಞಾಪನೆ, ತಿಂಗಳ ವರದಿ, ಬಳಕೆಗೆ ಸುಲಭ, ಉತ್ತಮ ಗ್ರಾಹಕ ಸೇವೆ, ಕಡಿಮೆ ದರ, ಧ್ವನಿಯ ಮೂಲಕ ಬುಕಿಂಗ್, ಕ್ಲಿನಿಕ್‌ನ ಹೆಸರಿನಲ್ಲೇ ಮೊಬೈಲ್ ಆ್ಯಪ್, ಮತ್ತು ರದ್ದಾದ ಸಮಯಕ್ಕೆ ಕಾಯುವವರ ಪಟ್ಟಿಯಿಂದ ತಾನಾಗಿ ಕರೆಯುವ ಸೌಲಭ್ಯ. ಪಟ್ಟಿಯ ಕೆಳಗೆ ಒಂದು ವಾಕ್ಯ: “ಸಣ್ಣ ಕ್ಲಿನಿಕ್‌ಗಳಿಗೆ ಅತ್ಯಂತ ಸುಲಭ, ಸಮಗ್ರ ಹಾಗೂ ಕೈಗೆಟಕುವ ಪರಿಹಾರ.”

ಮೊದಲು ಕಾಲಂಗಳನ್ನು ನೋಡಿ

ಟಿಕ್ ಎಣಿಸುವ ಮೊದಲು, ಗ್ರಾಹಕರು ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ ಎಂದು ಕೇಳಿ. ಸಣ್ಣ ಕ್ಲಿನಿಕ್‌ನಲ್ಲಿ ಆ ಜಾಗದಲ್ಲಿ ಕೂತಿರುವುದು ಕ, ಖ, ಗ ಅಲ್ಲ. ಒಂದು ರಿಜಿಸ್ಟರ್ ಪುಸ್ತಕ ಮತ್ತು ಒಂದು ಫೋನ್. ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲದಿದ್ದರೆ ಕೈಯಿಂದಲೇ ಸೇರಿಸಿ, ಪ್ರತಿ ಸಾಲಿಗೂ ಪ್ರಾಮಾಣಿಕವಾಗಿ ಅಂಕ ಕೊಡಿ. ರಿಜಿಸ್ಟರ್‌ಗೆ ತರಬೇತಿ ಬೇಡ, ಮಾಸಿಕ ಶುಲ್ಕವಿಲ್ಲ, ಇಂಟರ್ನೆಟ್ ಹೋದರೂ ನಡೆಯುತ್ತದೆ. “ಬಳಕೆಗೆ ಸುಲಭ” ಎಂಬ ಸಾಲಿನಲ್ಲಿ ಅದು ನಾಲ್ಕೂ ಸಾಫ್ಟ್‌ವೇರ್‌ಗಳನ್ನು ಸೋಲಿಸುತ್ತದೆ. ಕರಡು ಬರೆದವರಿಗೆ ಇದು ಇಷ್ಟವಾಗುವುದಿಲ್ಲ, ಆದರೂ ಈ ಕಾಲಂ ಬಿಡಬಾರದು.

ಆಮೇಲೆ ಸಾಲುಗಳನ್ನು ಜರಡಿ ಹಿಡಿಯಿರಿ

ಐರೋಪ್ಯ ಒಕ್ಕೂಟದಲ್ಲಿ ತುಲನಾತ್ಮಕ ಜಾಹೀರಾತಿನ ಕುರಿತ 2006ರ ನಿರ್ದೇಶನವು ಹೋಲಿಸುವ ಗುಣಗಳಿಗೆ ನಾಲ್ಕು ಲಕ್ಷಣ ಹೇಳುತ್ತದೆ: ಮಹತ್ವದ್ದಾಗಿರಬೇಕು, ಸಂಬಂಧಪಟ್ಟಿರಬೇಕು, ಪರಿಶೀಲಿಸಲು ಬರುವಂತಿರಬೇಕು, ಉತ್ಪನ್ನವನ್ನು ಪ್ರತಿನಿಧಿಸುವಂತಿರಬೇಕು. ಜಾಹೀರಾತಿಗೆಂದು ಮಾಡಿದ ನಿಯಮವಾದರೂ ಒಳಗಿನ ಕರಡಿಗೂ ಇದಕ್ಕಿಂತ ಒಳ್ಳೆಯ ಜರಡಿ ಬೇಕಿಲ್ಲ.

ನಮ್ಮ ಪಟ್ಟಿಯನ್ನು ಹಾಯಿಸಿ ನೋಡಿ. ಬುಕಿಂಗ್, ಜ್ಞಾಪನೆ, ವರದಿ ಈ ಮೂರೂ ನಾಲ್ವರಲ್ಲೂ ಇವೆ. ಇವಿಲ್ಲದೆ ಮಾರುಕಟ್ಟೆಗೆ ಇಳಿಯುವಂತಿಲ್ಲ, ಇದ್ದ ಮಾತ್ರಕ್ಕೆ ಯಾರೂ ನಮ್ಮನ್ನು ಆರಿಸುವುದೂ ಇಲ್ಲ. “ಸುಲಭ”, “ಉತ್ತಮ ಸೇವೆ” ಎರಡನ್ನೂ ಪರಿಶೀಲಿಸಲು ಬರುವುದಿಲ್ಲ. ಹೊಸ ಸಿಬ್ಬಂದಿಯೊಬ್ಬರು ಮೊದಲ ಬುಕಿಂಗ್ ಮಾಡಲು ಎಷ್ಟು ನಿಮಿಷ ಹಿಡಿಯಿತು ಎಂದು ನಾಲ್ಕರಲ್ಲೂ ಅಳೆದಿದ್ದರೆ ಸರಿ, ಇಲ್ಲವಾದರೆ ಸಾಲು ಹೊಡೆದುಹಾಕಿ. ಧ್ವನಿ ಬುಕಿಂಗ್‌ನ ಟಿಕ್ ಪಕ್ಕ ಸಣ್ಣ ನಕ್ಷತ್ರ ಚಿಹ್ನೆ ಇರುತ್ತದೆ, ಕೆಳಗೆ “ಮುಂದಿನ ತ್ರೈಮಾಸಿಕದಲ್ಲಿ” ಎಂದಿರುತ್ತದೆ. ಅಂದರೆ ನಮ್ಮ ನಾಳೆಯನ್ನು ಎದುರಾಳಿಯ ಇವತ್ತಿನೊಡನೆ ಹೋಲಿಸಿದ್ದಾರೆ. ಮೊಬೈಲ್ ಆ್ಯಪ್ ನಿಜವಾಗಿಯೂ ನಮ್ಮಲ್ಲಿ ಮಾತ್ರ ಇದೆ. ಆದರೆ ವರ್ಷಕ್ಕೆ ಒಂದೆರಡು ಸಲ ಬರುವ ರೋಗಿ ಅದಕ್ಕೆಂದೇ ಆ್ಯಪ್ ಇಳಿಸಿಕೊಳ್ಳುವುದು ಅನುಮಾನ. ಯಾವ ಗ್ರಾಹಕರು ಕೇಳಿದ್ದರು ಎಂದು ಕರಡಿನಲ್ಲಿ ಎಲ್ಲೂ ಇಲ್ಲದಿದ್ದರೆ ಅದು ಮಹತ್ವದ್ದಲ್ಲ, ಬರೀ ಭಿನ್ನ.

ದರದ ಸಾಲಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಅಂಕಿ ಇರುವುದರಿಂದಲೇ ಅದನ್ನು ಜನ ಪ್ರಶ್ನಿಸದೆ ನಂಬುತ್ತಾರೆ. ನಮ್ಮ ದರ 100, ಕ ಕಂಪನಿಯದು 150 ಎಂದಿದೆ ಎಂದುಕೊಳ್ಳಿ. ಎರಡೂ ಕಡೆಯ ದರಪಟ್ಟಿ ತೆರೆದರೆ, ನಮ್ಮ 100 ಒಬ್ಬ ವೈದ್ಯರಿಗೆ, ಎಸ್‌ಎಂಎಸ್ ವೆಚ್ಚ ಪ್ರತ್ಯೇಕ. ಅವರ 150 ಇಡೀ ಕ್ಲಿನಿಕ್‌ಗೆ, ತಿಂಗಳಿಗೆ 500 ಎಸ್‌ಎಂಎಸ್ ಒಳಗೊಂಡು. ಇಬ್ಬರು ವೈದ್ಯರಿರುವ ಕಡೆ ನಮ್ಮದು 200 ಆಯಿತು, ಮೇಲೆ ಎಸ್‌ಎಂಎಸ್ ಖರ್ಚು. ಟಿಕ್ ತಿರುಗಿಬಿತ್ತು. ಆದ್ದರಿಂದ ದರವನ್ನು ಪ್ಲಾನ್‌ಗೆ ಪ್ಲಾನ್ ಹೋಲಿಸಬೇಡಿ. ಒಬ್ಬ ನಿಜವಾದ ಗ್ರಾಹಕರನ್ನು ಎದುರಿಗಿಟ್ಟುಕೊಳ್ಳಿ: ವೈದ್ಯರೆಷ್ಟು, ತಿಂಗಳಿಗೆ ಅಪಾಯಿಂಟ್‌ಮೆಂಟ್ ಎಷ್ಟು, ಎಸ್‌ಎಂಎಸ್ ಎಷ್ಟು. ಅವರಿಗೆ ನಾಲ್ಕೂ ಕಡೆ ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ದರ ನೋಡಿದ ದಿನಾಂಕವನ್ನೂ ಆ ಚೌಕದಲ್ಲೇ ಬರೆಯಿರಿ.

ಉಳಿದ ಸಾಲಿನ ಆಳ ಅಳೆಯಿರಿ

ಒಂಬತ್ತರಲ್ಲಿ ಈಗ ಉಳಿದದ್ದು ಒಂದೇ: ಕಾಯುವವರ ಪಟ್ಟಿ. ಇದರಲ್ಲಿ ಕ ಕಂಪನಿಗೂ ಅರ್ಧ ಟಿಕ್ ಸಿಗಬೇಕಾಗಬಹುದು, ಹಾಗಾಗಿ ಟಿಕ್ ಅಳಿಸಿ, ಏನಾಗುತ್ತದೆ ಎಂಬುದನ್ನು ವಾಕ್ಯದಲ್ಲಿ ಬರೆಯಿರಿ. ರೋಗಿ ಜ್ಞಾಪನೆಗೆ “ಬರಲಾಗುವುದಿಲ್ಲ” ಎಂದು ಉತ್ತರಿಸಿದಾಗ ಕ ಸಾಫ್ಟ್‌ವೇರ್ ಆ ಸಮಯವನ್ನು ಖಾಲಿ ಎಂದು ತೋರಿಸಿ ಸುಮ್ಮನಾಗುತ್ತದೆ; ಯಾರನ್ನು ಕರೆಯಬೇಕೆಂದು ಸಿಬ್ಬಂದಿಯೇ ಹುಡುಕಬೇಕು. ನಮ್ಮದು ಪಟ್ಟಿಯ ಮೊದಲಿಗರಿಗೆ ಸಂದೇಶ ಕಳಿಸುತ್ತದೆ, 15 ನಿಮಿಷದಲ್ಲಿ ಒಪ್ಪದಿದ್ದರೆ ಮುಂದಿನವರಿಗೆ ಹೋಗುತ್ತದೆ. ಹೀಗೆ ಬರೆದಾಗಲೇ ವ್ಯತ್ಯಾಸ ಕಾಣುವುದು.

ಇದರ ಮಿತಿಯನ್ನೂ ಇಲ್ಲೇ ಬರೆಯಬೇಕು. ಕಾಯುವವರೇ ಇಲ್ಲದ ಕ್ಲಿನಿಕ್‌ಗೆ ಈ ಸೌಲಭ್ಯದಿಂದ ಪ್ರಯೋಜನವಿಲ್ಲ. ಅರ್ಧ ಗಂಟೆ ಮುಂಚೆ ರದ್ದಾದ ಸಮಯಕ್ಕೆ ಪಟ್ಟಿಯಲ್ಲಿದ್ದವರೂ ಬರಲಾರರು. ಇನ್ನೊಂದು ಪ್ರಶ್ನೆ ಅಹಿತಕರವಾದದ್ದು: ಕ ಇದನ್ನು ನಕಲು ಮಾಡಲು ಎಷ್ಟು ದಿನ ಬೇಕು? ಮುಂದಿನ ಅಪ್‌ಡೇಟ್‌ನಲ್ಲೇ ಸೇರಿಸಬಹುದಾದದ್ದಾದರೆ ಅದರ ಮೇಲೆ ಐದು ವರ್ಷದ ಯೋಜನೆ ಕಟ್ಟಲಾಗದು.

ಕೊನೆಗೆ ವಾಕ್ಯವನ್ನು ಪರೀಕ್ಷಿಸಿ

“ಅತ್ಯಂತ ಸುಲಭ, ಸಮಗ್ರ ಹಾಗೂ ಕೈಗೆಟಕುವ” ಎಂಬುದಕ್ಕೆ ಎರಡು ಪರೀಕ್ಷೆ ಸಾಕು. ಮೊದಲನೆಯದು, ನಮ್ಮ ಹೆಸರು ತೆಗೆದು ಖ ಎಂದು ಹಾಕಿ ಓದುವುದು. ವಾಕ್ಯ ಆಗಲೂ ಸರಿಯಾಗಿಯೇ ಕೂತರೆ ಅದು ನಮ್ಮದಲ್ಲ. ಎರಡನೆಯದು, ತಿರುಗಿಸಿ ಓದುವುದು: “ಕಷ್ಟದ, ಅಪೂರ್ಣ, ದುಬಾರಿ” ಎಂದು ಯಾವ ಕಂಪನಿಯಾದರೂ ಹೇಳಿಕೊಳ್ಳುತ್ತದೆಯೇ? ಇಲ್ಲವೆಂದಾದರೆ ಮೂಲ ಮಾತಿನಲ್ಲಿ ಆಯ್ಕೆಯೇ ನಡೆದಿಲ್ಲ. ಅದರ ಬದಲು “ಒಂದು ಕೆಲಸ ಮಾತ್ರ ಮಾಡುತ್ತೇವೆ” ಎಂದರೆ, ಎದುರಾಳಿ “ಎಲ್ಲವನ್ನೂ ಮಾಡುತ್ತೇವೆ” ಎನ್ನಬಹುದು. ಅಲ್ಲಿ ನಿಲುವು ಇದೆ. “ಸಣ್ಣ ಕ್ಲಿನಿಕ್” ಎಂಬುದೂ ಸಡಿಲ. ಒಬ್ಬ ವೈದ್ಯರೋ ಹತ್ತು ಮಂದಿಯೋ?

ಜರಡಿಯಲ್ಲಿ ಉಳಿದುದರಿಂದ ಹೊಸ ವಾಕ್ಯ ಹೀಗೆ ಆಗಬಹುದು: “ಮುಂಗಡ ಬುಕಿಂಗ್ ತುಂಬಿ ರೋಗಿಗಳು ಕಾಯುವಂಥ, ಆದರೆ ಸ್ವಾಗತ ಕೌಂಟರ್‌ನಲ್ಲಿ ಒಬ್ಬರೇ ಸಿಬ್ಬಂದಿ ಇರುವ ಕ್ಲಿನಿಕ್‌ಗಳಲ್ಲಿ, ರದ್ದಾದ ಸಮಯವನ್ನು ಯಾರೂ ಫೋನ್ ಹಿಡಿಯದೆ ತುಂಬಿಸುತ್ತದೆ.” ಇದು ಸಪ್ಪೆ ಎಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಇದನ್ನು ಸುಳ್ಳೆಂದು ಸಾಬೀತು ಮಾಡಲು ಬರುತ್ತದೆ. ಎರಡು ಮೂರು ಕ್ಲಿನಿಕ್‌ಗಳಲ್ಲಿ ನಾಲ್ಕು ವಾರ ರಿಜಿಸ್ಟರ್‌ನಲ್ಲಿ, ಮುಂದಿನ ನಾಲ್ಕು ವಾರ ಸಾಫ್ಟ್‌ವೇರ್‌ನಲ್ಲಿ, ರದ್ದಾದವು ಎಷ್ಟು, ಎಷ್ಟು ಗಂಟೆ ಮುಂಚೆ ರದ್ದಾದವು, ಅದರಲ್ಲಿ ತುಂಬಿದವು ಎಷ್ಟು ಎಂದು ಬರೆದಿಡಿ. ಹಬ್ಬ-ರಜೆಗಳ ವಾರ ಒಂದೇ ಕಡೆ ಬಿದ್ದರೆ ಹೋಲಿಕೆ ಕೆಡುತ್ತದೆ, ಆ ವಾರಗಳನ್ನು ಎರಡೂ ಕಡೆ ಬಿಡಿ. ಎರಡು ಅವಧಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಬಂದರೆ ಕರಡನ್ನು ವಾಪಸ್ ಕಳಿಸಿ. ಪಟ್ಟಿಗೆ ಹತ್ತನೆಯ ಸಾಲು ಸೇರಿಸಿಕೊಂಡು ಬಂದರೆ ಒಪ್ಪಿಕೊಳ್ಳಬೇಡಿ.