ಬ್ರೇಕರ್ ದೊಡ್ಡದು ಮಾಡಲಿಲ್ಲ, ಡಯೋಡ್ ಬದಲಿಸಿದೆ

ಬದಿಯಡ್ಕ ಹತ್ತಿರದ ನನ್ನ ಶೆಡ್ಡಿನಲ್ಲಿರುವುದು ಎರಡು ಫೇಸಿನ ಹಳೆ ವೆಲ್ಡಿಂಗ್ ರೆಕ್ಟಿಫಯರ್ ಸೆಟ್. ಮಳೆಗಾಲ ಶುರುವಾದಾಗ ರಾಡ್ ತಾಗಿಸಿದ ಕೂಡಲೇ 32 ಆಂಪಿಯರ್ ಬ್ರೇಕರ್ ಬೀಳತೊಡಗಿತು. ಬೀಳದೆ ನಿಂತರೂ ಆರ್ಕ್ ಒಂದೇ ಸಮ ಉರಿಯದೆ ಚಟಪಟ ಸಿಡಿಯುತ್ತಿತ್ತು.

"63ರದ್ದು ಹಾಕು ಮಾರಾಯ" ಎಂದವರೇ ಹೆಚ್ಚು. ಹಾಕಿದರೆ ಬ್ರೇಕರ್ ನಿಲ್ಲಬಹುದು, ಕೇಬಲ್ ಸುಡುತ್ತದೆ. ಹೊಸ ಮೆಷಿನಿಗೆ ಮೂವತ್ತೈದು ಸಾವಿರ ಹೇಳಿದ್ದರು. ಅದೇ 32ರ ಹೊಸ ಬ್ರೇಕರ್ ತಂದು ಹಾಕಿದೆ, ಅದೂ ಬಿತ್ತು. ನಾನೂರು ರೂಪಾಯಿ ಹೋಯಿತು.

ಆಮೇಲೆ ಸಪ್ಲೈ ಕೇಬಲ್ ನೋಡಿದೆ. ಅಂಗಳಕ್ಕೆ ಎಳೆದ ಕೇಬಲಿನಲ್ಲಿ ಟೇಪ್ ಸುತ್ತಿದ ಒಂದು ಜಾಯಿಂಟ್ ಇತ್ತು, ಬಿಚ್ಚಿದರೆ ತಾಮ್ರ ಹಸಿರು ಹಿಡಿದಿತ್ತು. ಬ್ರೇಕರಿನ ಸ್ಕ್ರೂ ಕೂಡ ಸಡಿಲ. ಅಲ್ಲಿ ಬಿಸಿಯಾದರೆ ಬ್ರೇಕರ್ ತನ್ನ ಲೆಕ್ಕಕ್ಕಿಂತ ಮೊದಲೇ ಬೀಳುತ್ತದೆ. ಜಾಯಿಂಟ್ ತೆಗೆದು ಒಂದೇ ತುಂಡು ಕೇಬಲ್ ಎಳೆದೆ. ಆರ್ಕ್ ಹೊಡೆಯುವಾಗ ಮೆಷಿನಿನ ಬಾಯಲ್ಲಿ 360ಕ್ಕೆ ಇಳಿಯುತ್ತಿದ್ದ ವೋಲ್ಟ್ 400ರ ಹತ್ತಿರ ನಿಂತಿತು. ಆದರೂ ರಾಡ್ ತಾಗಿದರೆ ಟ್ರಿಪ್.

ಆಗ ರಾಡ್ ತಾಗಿಸದೆ, ಬರೇ ಮೆಷಿನ್ ಆನ್ ಮಾಡಿ ಸಪ್ಲೈಯ ಒಂದು ವೈರಿಗೆ ಕ್ಲಾಂಪ್ ಮೀಟರ್ ಹಾಕಿದೆ. ಈ ಮೆಷಿನ್ ಖಾಲಿ ನಿಂತಾಗ ನಾಲ್ಕೈದು ಆಂಪಿಯರ್ ಎಳೆಯುವುದು. ಮೀಟರ್ ಹದಿನೈದರ ಮೇಲೆ ತೋರಿಸಿತು, ಗುಂಯ್ ಸದ್ದೂ ದಪ್ಪ. ಕೆಲಸವೇ ಇಲ್ಲದೆ ಇಷ್ಟು ಎಳೆಯಬೇಕಾದರೆ ಒಂದು ಡಯೋಡ್ ಶಾರ್ಟ್ ಆಗಿರಬಹುದು ಎನಿಸಿತು. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜಿನಲ್ಲಿ ಒಂದು ಶಾರ್ಟ್ ಆದರೆ ಕರೆಂಟಿನ ಅರ್ಧ ಸುತ್ತು ಮೆಷಿನಿನೊಳಗೇ ಸುತ್ತಿ ಸುಡುತ್ತದೆ, ಉಳಿದ ಅರ್ಧ ಮಾತ್ರ ರಾಡಿಗೆ ಬರುತ್ತದೆ. ಟ್ರಿಪ್ಪಿಗೂ ಚಟಪಟಕ್ಕೂ ಒಂದೇ ಕಾರಣ!

ಮೆಷಿನ್ ಆಫ್ ಮಾಡಿ, ಸಪ್ಲೈ ಬಿಚ್ಚಿ, ಒಂದೊಂದೇ ಡಯೋಡಿನ ವೈರ್ ಕಳಚಿ ಅಳೆದೆ. ಕಳಚದೆ ಅಳೆದರೆ ವೈಂಡಿಂಗ್ ಮೂಲಕ ಸುಳ್ಳು ತೋರಿಸುತ್ತದೆ. ಮೂರರಲ್ಲಿ ಒಂದು ದಿಕ್ಕಿಗೆ ಮಾತ್ರ ಸುಮಾರು 0.5 ವೋಲ್ಟ್, ನಾಲ್ಕನೆಯದರಲ್ಲಿ ಎರಡೂ ದಿಕ್ಕಿಗೆ ಸೊನ್ನೆ. ಮಂಗಳೂರಿನಿಂದ ಎರಡು ತರಿಸಿದೆ, ಬಸ್ ಖರ್ಚು ಸೇರಿ ಸಾವಿರದ ಒಳಗೆ. ಡಯೋಡಿನ ಸ್ಟಡ್ ಆನೋಡೋ ಕ್ಯಾಥೋಡೋ ಎಂದು ನೋಡಿ ತರಬೇಕು, ತಿರುಗಾಮುರುಗಾ ಹಾಕಿದರೆ ಪುನಃ ಶಾರ್ಟ್. ಡಯೋಡಿಗೂ ಹೀಟ್‌ಸಿಂಕಿಗೂ ಮಧ್ಯೆ ನಾನು ಏನು ಹಚ್ಚಿದೆ, ಎಷ್ಟು ಬಿಗಿದೆ ಎಂಬುದು ನನ್ನಲ್ಲೇ ಇರಲಿ.

ಖಾಲಿ ಕರೆಂಟ್ ಐದಕ್ಕೆ ಬಂತು. ಅದೇ 32ರಲ್ಲಿ 3.15 ಮಿ.ಮೀ. ರಾಡ್ ದಿನವಿಡೀ ಓಡುತ್ತಿದೆ. ಊರಲ್ಲಿ ಬೇರೆ ಯಾರೂ ಮೀಟರ್ ಹಾಕಿ ನೋಡಿರಲಿಲ್ಲ.

ಉಳಿದದ್ದು ಅರ್ತ್ ಕ್ಲಾಂಪ್. ಉದ್ದ ಗೇಟಿನ ತುದಿಯಲ್ಲಿ ಆರ್ಕ್ ಇನ್ನೂ ಒಂದು ಬದಿಗೆ ಓಲುತ್ತಿತ್ತು. ಪೈಂಟ್ ಉಜ್ಜಿ ಹಿಡಿಸಿದೆ, ಲಗ್ಗು ಹೊಸದು ಹಾಕಿದೆ, ಬಿಸಿಯಾಗುವುದು ನಿಂತಿತು, ಓಲುವುದು ನಿಲ್ಲಲಿಲ್ಲ. ಕ್ಲಾಂಪನ್ನು ಗೇಟಿನ ಇನ್ನೊಂದು ತುದಿಗೆ ಹಾಕಿದಾಗ ನೆಟ್ಟಗಾಯಿತು. ಡಿಸಿಯಲ್ಲಿ ಕ್ಲಾಂಪಿನ ಜಾಗಕ್ಕೆ ತಕ್ಕಂತೆ ಆರ್ಕ್ ತಿರುಗುತ್ತದೆ. ಈಗ ಪ್ರತಿ ಗೇಟಿಗೂ ಎರಡೂ ತುದಿಯಲ್ಲಿ ಒಮ್ಮೆ ಹಾಕಿ ನೋಡಿಯೇ ಬೆಸೆಯುತ್ತೇನೆ.