ಐವತ್ತೊಂಬತ್ತಾದ ಮೇಲೆ ಸೊನ್ನೆ: ಬಿಸಿಡಿ ಕೌಂಟರ್‌ನಲ್ಲಿ ಸೆಕೆಂಡು, ನಿಮಿಷ ಕಟ್ಟಿದ ಬಗೆ

ಮೈಕ್ರೋಕಂಟ್ರೋಲರ್ ಇಲ್ಲದೆ, ಬರೀ ಲಾಜಿಕ್ ಐಸಿಗಳಲ್ಲಿ ಒಂದು ಗಡಿಯಾರ ಕಟ್ಟಿದೆ. ಅದರಲ್ಲಿ ಸೆಕೆಂಡು ಮತ್ತು ನಿಮಿಷದ ಭಾಗದ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಗಂಟೆಯ ಕಥೆ ಬೇರೆಯೇ ಇದೆ.

ಸೊನ್ನೆಯಿಂದ ಒಂಬತ್ತರವರೆಗೆ ಎಣಿಸುವ ಐಸಿ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ತೊಂದರೆ ಇರುವುದು ಹತ್ತರ ಸ್ಥಾನದಲ್ಲಿ. ಅಲ್ಲಿ ಐದರವರೆಗೆ ಹೋಗಿ ಸೊನ್ನೆಗೆ ಬರಬೇಕು. ಅದೂ ಐದು ಬಂದ ತಕ್ಷಣ ಅಲ್ಲ, ಬಿಡಿ ಸ್ಥಾನ ಒಂಬತ್ತು ಮುಟ್ಟುವವರೆಗೆ ಕಾದು ಬರಬೇಕು. ಈ ಕಾಯುವಿಕೆಯನ್ನು ವೈರಿನಲ್ಲಿ ಹೇಗೆ ಹೇಳುವುದು ಅನ್ನೋದೇ ಇಡೀ ಕೆಲಸ.

ಕಾಲೇಜು ಲ್ಯಾಬಿನಲ್ಲಿ ನಮಗೆ ಹೇಳಿಕೊಟ್ಟಿದ್ದು 7490. ಒಂದರ ಔಟ್‌ಪುಟ್ ಮುಂದಿನದರ ಕ್ಲಾಕಿಗೆ ಕೊಡುವುದು, ಆರು ಬಂದ ಕ್ಷಣ ರಿಸೆಟ್ ಮಾಡುವುದು. ಕೆಲಸ ನಡೆಯುತ್ತದೆ. ಆದರೆ ಅಲ್ಲಿ ಆರು ಎಂಬ ಅಂಕಿ ನಿಜವಾಗಿಯೂ ಒಂದು ಗಳಿಗೆ ಬಂದು ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ನನಗದು ಇಷ್ಟವಾಗಲಿಲ್ಲ. ಎಸ್‌.ಪಿ. ರಸ್ತೆಯಿಂದ ನಾಲ್ಕು 74HC160, ಒಂದು 74HC10 ತಂದೆ. ಮೊದಲನೆಯದು ಬಿಸಿಡಿ ಕೌಂಟರ್, ಎರಡನೆಯದರಲ್ಲಿ ಮೂರು ಇನ್‌ಪುಟ್‌ನ ನ್ಯಾಂಡ್ ಗೇಟ್ ಮೂರಿವೆ. ಎಣಿಕೆಗೆ ಬೇಕಾದದ್ದು ಇಷ್ಟೇ.

160ರ ಗುಣ ಏನೆಂದರೆ, ನಾಲ್ಕೂ ಐಸಿಗೆ ಒಂದೇ ಕ್ಲಾಕ್ ಕೊಡಬಹುದು. ಯಾರು ಎಣಿಸಬೇಕು, ಯಾರು ಸುಮ್ಮನಿರಬೇಕು ಅನ್ನೋದನ್ನು ENP, ENT ಎಂಬ ಎರಡು ಅನುಮತಿ ಪಿನ್‌ಗಳು ಹೇಳುತ್ತವೆ. ಎರಡೂ ಹೈ ಇದ್ದರೆ ಮಾತ್ರ ಎಣಿಕೆ. 15ನೇ ಪಿನ್‌ನಲ್ಲಿ RCO ಅಂತ ಕ್ಯಾರಿ ಇದೆ. ಎಣಿಕೆ ಒಂಬತ್ತಿದ್ದು, ENT ಕೂಡ ಹೈ ಇದ್ದಾಗ ಅದು ಹೈ ಆಗುತ್ತದೆ. ಈ 'ENT ಕೂಡ' ಅನ್ನೋದನ್ನು ನೆನಪಿಟ್ಟುಕೊಳ್ಳಿ. ENP ಕ್ಯಾರಿಯ ತಂಟೆಗೆ ಹೋಗುವುದಿಲ್ಲ, ENT ಹೋಗುತ್ತದೆ.

160ರಲ್ಲಿ ಕ್ಲಿಯರ್ ಪಿನ್ ಇದೆ, ಆದರೆ ಅದು ಕ್ಲಾಕಿಗೆ ಕಾಯುವುದಿಲ್ಲ. ಅದನ್ನು ಆರಕ್ಕೆ ಕಟ್ಟಿದರೆ ಮತ್ತೆ 7490 ಕಥೆಯೇ. ಲೋಡ್ ಪಿನ್ ಹಾಗಲ್ಲ. ಅದನ್ನು ಲೋ ಮಾಡಿದರೆ ಮುಂದಿನ ಪಲ್ಸ್ ಏರುವಾಗ 3ರಿಂದ 6ನೇ ಪಿನ್‌ಗಳಲ್ಲಿ ಏನಿದೆಯೋ ಅದು ಒಳಗೆ ಹೋಗುತ್ತದೆ. ಆ ನಾಲ್ಕನ್ನೂ ನೆಲಕ್ಕೆ ಕಟ್ಟಿದರೆ, ಲೋಡ್ ಅಂದರೆ 'ಮುಂದಿನ ಪಲ್ಸ್‌ಗೆ ಸೊನ್ನೆಯಾಗು' ಅಂತ ಅರ್ಥ. ಕ್ಲಿಯರ್ ಪಿನ್‌ಗಳನ್ನೆಲ್ಲ ಸೇರಿಸಿ 10 ಕಿಲೋಓಮ್ ಮೂಲಕ 5 ವೋಲ್ಟಿಗೆ ಎಳೆದು, ನೆಲಕ್ಕೆ ಒಂದು ಬಟನ್ ಇಟ್ಟೆ. ಕರೆಂಟ್ ಕೊಟ್ಟಾಗ ಕೌಂಟರ್‌ಗಳು ಯಾವ ಅಂಕಿಯಲ್ಲಾದರೂ ಎಚ್ಚರಾಗಬಹುದು, ಆಗ ಒಮ್ಮೆ ಒತ್ತಿದರೆ ಸಾಕು.

ಇನ್ನು ಐದನ್ನು ಗುರುತಿಸುವುದು. ಐದು ಅಂದರೆ 0101. ಹತ್ತರ ಸ್ಥಾನ ಐದನ್ನು ದಾಟುವುದೇ ಇಲ್ಲವಾದ್ದರಿಂದ, Q0 ಮತ್ತು Q2 ಎರಡೂ ಹೈ ಆಗುವುದು ಐದರಲ್ಲಿ ಮಾತ್ರ. ಅಂದರೆ 14 ಮತ್ತು 12ನೇ ಪಿನ್‌ಗಳು. ಎರಡನ್ನೂ ನ್ಯಾಂಡ್‌ಗೆ ಹಾಕಿ ಲೋಡ್‌ಗೆ ಕೊಟ್ಟರೆ ಆಯಿತು ಅಂತ ಅನ್ನಿಸುತ್ತದೆ, ಅಲ್ವಾ?

ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಹಾಗೇ ಕಟ್ಟಿಕೊಂಡು ಬಂದಿದ್ದ. "ಅಂಕಲ್, ನಲವತ್ತೊಂಬತ್ತು ಬರುತ್ತೆ, ಐವತ್ತು ಬರುತ್ತೆ, ಆಮೇಲೆ ನೇರವಾಗಿ ಒಂದು ಬರುತ್ತೆ! ಐಸಿ ಹೋಗಿದ್ಯಾ?" ಅಂದ. ಐಸಿ ಹೋಗಿರಲಿಲ್ಲ. 160ರಲ್ಲಿ ಲೋಡ್ ಅನುಮತಿಗಿಂತ ದೊಡ್ಡದು. ENT ಲೋ ಇದ್ದರೂ ಲೋಡ್ ಅಂದರೆ ಲೋಡೇ. 50 ಆದ ತಕ್ಷಣ ಲೋಡ್ ಲೋ ಆಗಿ ಕೂತಿತ್ತು. ಮುಂದಿನ ಪಲ್ಸ್‌ಗೆ ಬಿಡಿ ಸ್ಥಾನ ಒಂದಾಯಿತು, ಹತ್ತರ ಸ್ಥಾನ ಸೊನ್ನೆಯಾಯಿತು. ಹಾಗಾಗಿ 01. ಅವನ ನಿಮಿಷಕ್ಕೆ ಐವತ್ತೇ ಸೆಕೆಂಡು.

ಮದ್ದು ಒಂದೇ ವೈರ್. ನ್ಯಾಂಡ್‌ನ ಮೂರನೇ ಇನ್‌ಪುಟ್‌ಗೆ ಬಿಡಿ ಸ್ಥಾನದ RCO ಕೊಡಬೇಕು. ಆಗ ಲೋಡ್ ಲೋ ಆಗುವುದು 59ರಲ್ಲಿ ಮಾತ್ರ. ಮೂರು ಇನ್‌ಪುಟ್‌ನ ನ್ಯಾಂಡ್ ಕೊಂಡಿದ್ದು ಇದಕ್ಕೇ.

ನನ್ನ ನಾಲ್ಕು ಐಸಿಗೆ S1, S10, M1, M10 ಅಂತ ಹೆಸರಿಟ್ಟಿದ್ದೇನೆ. ಸೆಕೆಂಡಿನ ಬಿಡಿ ಮತ್ತು ಹತ್ತು, ನಿಮಿಷದ ಬಿಡಿ ಮತ್ತು ಹತ್ತು. ಜೋಡಣೆ ಹೀಗಿದೆ:

```
S1.ENT  = 1
S10.ENT = S1.RCO
/LD_S10 = NAND(S10.Q0, S10.Q2, S1.RCO)
M1.ENT  = NAND(/LD_S10, /SET, 1)
M10.ENT = M1.RCO
/LD_M10 = NAND(M10.Q0, M10.Q2, M1.RCO)
```

ENP ನಾಲ್ಕರಲ್ಲೂ 5 ವೋಲ್ಟಿಗೆ. S1, M1 ಎರಡರ ಲೋಡ್ ಪಿನ್ ಕೂಡ 5 ವೋಲ್ಟಿಗೆ.

ಹತ್ತರ ಸ್ಥಾನದ ಐಸಿಯ ಸ್ವಂತ RCO ನಮಗೆ ಉಪಯೋಗಕ್ಕೆ ಬರುವುದಿಲ್ಲ. ಅದು ಒಂಬತ್ತಿಗೆ ಕಾಯುತ್ತದೆ, ಇಲ್ಲಿ ಒಂಬತ್ತು ಬರುವುದೇ ಇಲ್ಲ. ಹಾಗಾಗಿ ನಿಮಿಷಕ್ಕೆ ಕ್ಯಾರಿಯನ್ನು ನಾವೇ ಹುಟ್ಟಿಸಬೇಕು. ಹೊಸದೇನೂ ಬೇಕಿಲ್ಲ, 59ಕ್ಕೆ ಲೋ ಆಗುವ ಲೋಡ್ ಸಿಗ್ನಲ್ ಇದೆಯಲ್ಲ, ಅದನ್ನೇ ತಲೆಕೆಳಗು ಮಾಡಿದರೆ 59ಕ್ಕೆ ಹೈ ಆಗುವ ಅನುಮತಿ ಸಿಗುತ್ತದೆ. ಮೂರನೇ ನ್ಯಾಂಡ್, ಅಂದರೆ M1.ENT ಸಾಲಿನದು, ಮಾಡುವುದು ಅದನ್ನೇ.

ಈಗ ENT ವಿಷಯ. 59ರ ಅನುಮತಿಯನ್ನು M1ನ ENPಗೆ ಕೊಟ್ಟು, ENTಯನ್ನು 5 ವೋಲ್ಟಿಗೆ ಕಟ್ಟಿದರೂ M1 ಸರಿಯಾಗಿಯೇ ಎಣಿಸುತ್ತದೆ. ಎಂಟು ನಿಮಿಷದವರೆಗೆ ಯಾವ ದೂರೂ ಇಲ್ಲ. ಏನಾಗುತ್ತದೆ ನೋಡೋಣ ಅಂತ ಬೇಕಂತಲೇ ಹಾಗೆ ಕಟ್ಟಿ ಕೂತೆ. 08:59 ಆಗಿ 09:00 ಬಂತು. ಅಲ್ಲಿಂದ 19:01, 29:02, 39:03, 49:04, 59:05, ಮತ್ತೆ 09:06. ಕಾರಣ, ENT ಸದಾ ಹೈ ಇರುವುದರಿಂದ ಒಂಬತ್ತನೇ ನಿಮಿಷ ಪೂರ್ತಿ RCO ಹೈ ಇರುತ್ತದೆ. ಹತ್ತರ ಸ್ಥಾನ ಪ್ರತಿ ಸೆಕೆಂಡೂ ಓಡುತ್ತದೆ. ತಮಾಷೆ ಇರುವುದು ಕೊನೆಯಲ್ಲಿ. ಅರವತ್ತು ಆರರಿಂದ ಸರಿಯಾಗಿ ಭಾಗವಾಗುತ್ತದೆ. ಅಷ್ಟು ಸುತ್ತಿದ ಹತ್ತರ ಸ್ಥಾನ ಹೊರಟಲ್ಲಿಗೇ ವಾಪಸ್ ಬಂದು, 59:59 ಆದ ಮೇಲೆ 00:00 ತೋರಿಸುತ್ತದೆ. ಹತ್ತನೇ ನಿಮಿಷ ಬರುವುದೇ ಇಲ್ಲ. ದೂರದಿಂದ ನೋಡಿದವರಿಗೆ ಗಂಟೆ ಸರಿಯಾಗಿಯೇ ಮುಗಿದ ಹಾಗೆ ಕಾಣುತ್ತದೆ!

ಅನುಮತಿಯನ್ನು ENTಗೇ ಕೊಟ್ಟರೆ ಈ ಗೋಳಿಲ್ಲ. ಆಗ M1ನ RCO ಹೈ ಆಗುವುದು ನಿಮಿಷ ಒಂಬತ್ತಿದ್ದು, ಸೆಕೆಂಡು 59 ಇದ್ದಾಗ ಮಾತ್ರ. ಅಂದರೆ 09:59, 19:59 ಹೀಗೆ, ಒಂದೊಂದು ಸೆಕೆಂಡು. ಮುಂದಿನ ಪಲ್ಸ್‌ಗೆ ಮೂರು ಕೆಲಸ ಒಟ್ಟಿಗೇ ಆಗುತ್ತವೆ: ಸೆಕೆಂಡಿನ ಎರಡೂ ಅಂಕಿ ಸೊನ್ನೆ, ನಿಮಿಷದ ಬಿಡಿ ಸೊನ್ನೆ, ನಿಮಿಷದ ಹತ್ತು ಒಂದು ಮುಂದೆ. ಒಂದಾದ ಮೇಲೆ ಒಂದಲ್ಲ, ಒಂದೇ ಅಂಚಿನಲ್ಲಿ. M10ನ ಲೋಡ್‌ಗೂ ಬೇರೆ ಏನೂ ಸೇರಿಸಬೇಕಿಲ್ಲ, ಸೆಕೆಂಡಿನ ಷರತ್ತು M1ನ RCO ಒಳಗೇ ಬಂದುಬಿಟ್ಟಿದೆ.

ಇಷ್ಟೆಲ್ಲ ಯಾಕೆ, RCOಅನ್ನು ಮುಂದಿನ ಐಸಿಯ ಕ್ಲಾಕಿಗೆ ಕೊಟ್ಟರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಕೊಟ್ಟು ನೋಡಿ. 08 ಆದ ಮೇಲೆ 19 ಬರುತ್ತದೆ, ಆಮೇಲೆ 10. RCO ಏರುವುದು ಒಂಬತ್ತು ಬಂದಾಗ, ಹೋದಾಗ ಅಲ್ಲ. ಅದಕ್ಕೆ ನಡುವೆ ಒಂದು ಇನ್ವರ್ಟರ್ ಹಾಕುತ್ತಾರೆ. ಆದರೂ ಒಂದು ತೊಂದರೆ ಉಳಿಯುತ್ತದೆ. ಏಳರಿಂದ ಎಂಟಕ್ಕೆ ಹೋಗುವಾಗ 0111 ಇದ್ದದ್ದು 1000 ಆಗಬೇಕು. Q0 ಇಳಿಯುವ ಮುಂಚೆ Q3 ಏರಿಬಿಟ್ಟರೆ, ಕೆಲವು ನ್ಯಾನೋಸೆಕೆಂಡು ಎರಡೂ ಹೈ ಇದ್ದು RCOದಲ್ಲಿ ಒಂದು ಸಣ್ಣ ಮುಳ್ಳು ಏಳಬಹುದು. ಕ್ಲಾಕ್ ಪಿನ್ ಆ ಮುಳ್ಳನ್ನು ಪಲ್ಸ್ ಅಂತಲೇ ಎಣಿಸೀತು. ಅನುಮತಿ ಪಿನ್ ಎಣಿಸುವುದಿಲ್ಲ, ಅದನ್ನು ಯಾರಾದರೂ ಗಮನಿಸುವುದು ಮುಂದಿನ ಏರು ಅಂಚಿನಲ್ಲಿ. ಅಷ್ಟರಲ್ಲಿ ಹತ್ತಿರ ಹತ್ತಿರ ಒಂದು ಸೆಕೆಂಡು ಕಳೆದಿರುತ್ತದೆ. S1ನಿಂದ M10ವರೆಗಿನ ಇಡೀ ಸರಪಳಿ ನೆಲೆಗೊಳ್ಳಲು ಒಂದು ಮೈಕ್ರೋಸೆಕೆಂಡ್ ಕೂಡ ಬೇಡ.

ಕ್ಲಾಕ್ ತೆಗೆದದ್ದು 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಮತ್ತು 4060ಯಿಂದ. 4060ಯ ಕೊನೆಯ ಔಟ್‌ಪುಟ್, 3ನೇ ಪಿನ್, 16384ರಿಂದ ಭಾಗಿಸಿ 2 ಹರ್ಟ್ಸ್ ಕೊಡುತ್ತದೆ. ಅದನ್ನು 74HC74ರಲ್ಲಿ ಅರ್ಧ ಮಾಡಿದರೆ 1 ಹರ್ಟ್ಸ್. 4060ಯ ಇನ್ನೊಂದು ಲಾಭ ಪರೀಕ್ಷೆಗೆ. ಅದರ 13ನೇ ಪಿನ್‌ನಲ್ಲಿ 64 ಹರ್ಟ್ಸ್ ಸಿಗುತ್ತದೆ. ಕ್ಲಾಕ್ ವೈರ್ ಅಲ್ಲಿಗೆ ಚುಚ್ಚಿದರೆ ಒಂದು ಗಂಟೆ 56 ಸೆಕೆಂಡಿನಲ್ಲಿ ಮುಗಿಯುತ್ತದೆ. ಸೆಕೆಂಡಿನ ಬಿಡಿ ಸುಮ್ನೆ ಎಂಟರ ಹಾಗೆ ಮಸುಕಾಗಿ ಕಾಣುತ್ತದೆ, ನಿಮಿಷ ಮಾತ್ರ ನೋಡುತ್ತಾ ಕೂರಬೇಕು. 09ರಿಂದ 10ಕ್ಕೆ, 59ರಿಂದ 00ಗೆ ಹೋಗುವುದು ಎರಡನ್ನೂ ಒಂದು ಕಪ್ ಕಾಫಿ ಮುಗಿಯುವುದರೊಳಗೆ ಬೇಕಾದಷ್ಟು ಸಲ ನೋಡಬಹುದು.

ಪರೀಕ್ಷೆಯಲ್ಲಿ ನಾನು ನೋಡುವುದು, ತಪ್ಪು ಎಲ್ಲಿ ಬರುತ್ತದೆ ಅನ್ನೋದನ್ನು. ಪ್ರತಿ ಸಲ ಅದೇ ಅಂಕಿಯಲ್ಲಿ ಕೆಟ್ಟರೆ ಜೋಡಣೆ ತಪ್ಪು. ಒಮ್ಮೆ 23ರಲ್ಲಿ, ಇನ್ನೊಮ್ಮೆ 41ರಲ್ಲಿ ಎರಡೆರಡು ಹಾರಿದರೆ ಜೋಡಣೆ ಸರಿಯಿದೆ, ಕ್ಲಾಕ್ ಅಥವಾ ಸಪ್ಲೈ ಕೊಳಕಾಗಿದೆ. ಬ್ರೆಡ್‌ಬೋರ್ಡಿನಲ್ಲಿ ಇದು ಜಾಸ್ತಿ. ಪ್ರತಿ ಐಸಿಯ ಸಪ್ಲೈ ಮತ್ತು ನೆಲದ ಪಿನ್ ನಡುವೆ (160 ಮತ್ತು 4060ಯಲ್ಲಿ 16 ಮತ್ತು 8, 74HC10 ಮತ್ತು 74HC74ರಲ್ಲಿ 14 ಮತ್ತು 7), ಹತ್ತಿರದಲ್ಲೇ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಖಾಲಿ ಬಿಟ್ಟ ಇನ್‌ಪುಟ್ ಪಿನ್ ಕೂಡ ಹೀಗೇ ಕಾಡುತ್ತದೆ. ಎಚ್‌ಸಿ ಐಸಿಯ ಇನ್‌ಪುಟ್ ಗಾಳಿಯಲ್ಲಿದ್ದರೆ, ಕೈ ಹತ್ತಿರ ತಂದರೂ ಎಣಿಕೆ ಬದಲಾಗಬಹುದು.

ಸಮಯ ಹೊಂದಿಸುವ ಬಟನ್ ಆ ಮೂರನೇ ನ್ಯಾಂಡ್‌ನಲ್ಲೇ ಇದೆ. ಅದಕ್ಕೆ ಕೆಲಸ ಬರೀ ತಲೆಕೆಳಗು ಮಾಡುವುದಾಗಿತ್ತು, ಎರಡು ಇನ್‌ಪುಟ್ ಉಳಿದಿದ್ದವು. ಒಂದನ್ನು 5 ವೋಲ್ಟಿಗೆ ಕಟ್ಟಿ, ಇನ್ನೊಂದಕ್ಕೆ, ಅಂದರೆ /SETಗೆ, ಪುಲ್‌ಅಪ್ ಜೊತೆ ಬಟನ್ ಕೊಟ್ಟೆ. ಒತ್ತಿ ಹಿಡಿದರೆ ನಿಮಿಷ ಪ್ರತಿ ಸೆಕೆಂಡಿಗೆ ಒಂದರಂತೆ ಮುಂದೆ ಹೋಗುತ್ತದೆ, ಹತ್ತರ ಕ್ಯಾರಿಯೂ ಸರಿಯಾಗಿ ಬರುತ್ತದೆ. ಬಟನ್ ಎಷ್ಟು ಅದುರಿದರೂ ಲೆಕ್ಕಕ್ಕೆ ಬರುವುದು ಪಲ್ಸ್ ಏರುವ ಕ್ಷಣ ಮಾತ್ರ, ಆದ್ದರಿಂದ ಅದುರು ತಡೆಯುವ ಸರ್ಕಿಟ್ ಹಾಕಲಿಲ್ಲ.

ಗಂಟೆಗೆ ಬೇಕಾದ ಅನುಮತಿ /LD_M10ನ ತಲೆಕೆಳಗು. 74HC10 ಖಾಲಿಯಾಗಿದೆ, ಅದಕ್ಕೊಂದು ಬೇರೆ ಇನ್ವರ್ಟರ್ ಬೇಕು. ಒಂದು ಮಾತು: ಬಟನ್ ಒತ್ತಿ ನಿಮಿಷವನ್ನು 59 ದಾಟಿಸಿದರೆ ಗಂಟೆಯೂ ಒಂದು ಏರುತ್ತದೆ. ಅದನ್ನು ತಡೆಯಲು ಇನ್ನಷ್ಟು ಗೇಟ್ ಸೇರಿಸಬಹುದಿತ್ತು. ನಾನು ಸೇರಿಸಲಿಲ್ಲ, ನಿಮಿಷ ಮೊದಲು, ಗಂಟೆ ಆಮೇಲೆ ಹೊಂದಿಸುತ್ತೇನೆ.