ಶೀರ್ಷಿಕೆಯ ಮೊತ್ತ 80, ಪ್ರಶ್ನೆಗಳ ಮೊತ್ತ 82

ಕೆಲವು ವರ್ಷಗಳ ಹಿಂದೆ ನಾನು ತಿದ್ದಿ ಸಹಿ ಮಾಡಿದ ಗಣಿತ ಪತ್ರಿಕೆಯೊಂದರಲ್ಲಿ ಹೀಗೊಂದು ಪ್ರಶ್ನೆಯಿತ್ತು: ‘60 ಮೀಟರ್ ಎತ್ತರದ ದೀಪಸ್ತಂಭದ ತುದಿಯಿಂದ ಎರಡು ಹಡಗುಗಳನ್ನು ನೋಡಿದಾಗ ಅವನತ ಕೋನಗಳು 30° ಮತ್ತು 45° ಆಗಿವೆ. ಹಡಗುಗಳ ನಡುವಿನ ದೂರವನ್ನು ಕಂಡುಹಿಡಿಯಿರಿ.’ ಮೂಲ ಕೈಬರಹದಲ್ಲಿ ‘ದೀಪಸ್ತಂಭದ ಒಂದೇ ಬದಿಯಲ್ಲಿ, ಒಂದರ ಹಿಂದೆ ಒಂದು ಇರುವ’ ಎಂಬ ಮಾತಿತ್ತು. ಪುಟಕ್ಕೆ ಒಂದು ಸಾಲು ಹೆಚ್ಚಾಯಿತೆಂದು ಟೈಪ್ ಮಾಡುವಾಗ ಅದನ್ನು ಕೈಬಿಡಲಾಗಿತ್ತು. ನಾನು ಲೆಕ್ಕ ಮಾಡಿ ನೋಡಿದೆ, ಮಾದರಿ ಉತ್ತರಕ್ಕೆ ಸರಿಹೊಂದಿತು, ಮುಂದಕ್ಕೆ ಹೋದೆ. ಪರೀಕ್ಷೆಯ ದಿನ ಮಕ್ಕಳ ಉತ್ತರ ಎರಡಾಯಿತು. ಹಡಗುಗಳನ್ನು ಒಂದೇ ಕಡೆ ಇಟ್ಟವರಿಗೆ 60(√3 − 1), ಅಂದರೆ ಸುಮಾರು 44 ಮೀಟರ್. ಎರಡು ಕಡೆ ಇಟ್ಟವರಿಗೆ 60(√3 + 1), ಸುಮಾರು 164 ಮೀಟರ್. ಎರಡೂ ಸರಿ. ಮೌಲ್ಯಮಾಪನದಲ್ಲಿ ಎರಡಕ್ಕೂ ಪೂರ್ಣ ಅಂಕ ಕೊಡಲು ಒಪ್ಪಿಕೊಂಡೆವು. ಆದರೆ ಚಿತ್ರವನ್ನು ಎರಡೂ ರೀತಿ ಬರೆದು, ಯಾವುದು ಸರಿಯೆಂದು ತಿಳಿಯದೆ, ಎರಡನ್ನೂ ಹೊಡೆದುಹಾಕಿ ಮುಂದಿನ ಪ್ರಶ್ನೆಗೆ ಹೋಗಿದ್ದ ಒಬ್ಬ ಹುಡುಗಿಯ ಉತ್ತರಪತ್ರಿಕೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವಳಿಗೆ ಕೊಡಲು ನಮ್ಮ ಬಳಿ ಏನೂ ಇರಲಿಲ್ಲ.

ಅಂದಿನಿಂದ ಪ್ರಶ್ನೆಪತ್ರಿಕೆ ಪರಿಶೀಲಿಸುವ ಕ್ರಮವನ್ನೇ ಬದಲಾಯಿಸಿಕೊಂಡೆ. ಈಚೆಗೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಪತ್ರಿಕೆಯನ್ನು ನೋಡಿದ ರೀತಿಯನ್ನೇ ಇಲ್ಲಿ ಹೇಳುತ್ತೇನೆ, ಏಕೆಂದರೆ ಆ ಒಂದು ಕರಡಿನಲ್ಲಿ ಅಂಕಗಳ ಮೊತ್ತದ ತಪ್ಪು, ಪ್ರಶ್ನೆಯೊಳಗಿನ ಸಂಖ್ಯೆಯ ತಪ್ಪು, ಎರಡು ಉತ್ತರಕ್ಕೆ ಎಡೆಕೊಡುವ ಮಾತು ಎಂಬ ಮೂರೂ ಬಗೆಯ ತಪ್ಪುಗಳು ಇದ್ದವು.

ನಾವು ಅನುಸರಿಸಿದ ಮಾದರಿ ಶಿಕ್ಷಕರಿಗೆ ಪರಿಚಿತವಾದದ್ದೇ: ಒಟ್ಟು 38 ಪ್ರಶ್ನೆ, 80 ಅಂಕ. ಬಹುಆಯ್ಕೆಯ 8 ಪ್ರಶ್ನೆಗಳು ಮತ್ತು ಒಂದು ಅಂಕದ 8 ಪ್ರಶ್ನೆಗಳು, ಎರಡು ಅಂಕದ 8, ಮೂರು ಅಂಕದ 9, ನಾಲ್ಕು ಅಂಕದ 4, ಕೊನೆಗೆ ಐದು ಅಂಕದ ಒಂದು. ಕರಡಿನಲ್ಲಿ ಪ್ರತಿ ವಿಭಾಗದ ತಲೆಯ ಮೇಲೆ 8 × 2 = 16, 9 × 3 = 27 ಎಂದು ಚೊಕ್ಕವಾಗಿ ಬರೆದಿತ್ತು. ಎಲ್ಲವನ್ನೂ ಕೂಡಿದರೆ 80. ಕೊನೆಯ ಪ್ರಶ್ನೆಯ ಸಂಖ್ಯೆ 38. ಮೊದಲ ಪುಟದ ಸೂಚನೆಯಲ್ಲೂ 38. ಸಾಮಾನ್ಯವಾಗಿ ಪರಿಶೀಲನೆ ಇಲ್ಲಿಗೇ ಮುಗಿಯುತ್ತದೆ.

ನಾನು ವಿಭಾಗಗಳ ಶೀರ್ಷಿಕೆಯನ್ನು ನಂಬುವುದಿಲ್ಲ. ಟೈಪ್ ಮಾಡುವವರು ಹಿಂದಿನ ವರ್ಷದ ಕಡತವನ್ನು ತೆರೆದು, ಹಳೆಯ ಪ್ರಶ್ನೆಗಳನ್ನು ಅಳಿಸಿ ಹೊಸದನ್ನು ಅದೇ ಜಾಗದಲ್ಲಿ ತುಂಬುತ್ತಾರೆ. ಶೀರ್ಷಿಕೆಗಳನ್ನು ಯಾರೂ ಮುಟ್ಟುವುದಿಲ್ಲ. ಹೀಗಾಗಿ ಅವುಗಳ ಮೊತ್ತ ಪ್ರತಿ ವರ್ಷವೂ 80 ಆಗಿಯೇ ಇರುತ್ತದೆ, ಕೆಳಗೆ ಪ್ರಶ್ನೆಗಳು ಎಷ್ಟೇ ಇರಲಿ. ಆದ್ದರಿಂದ ಶೀರ್ಷಿಕೆಗಳನ್ನು ಒಂದು ಕಾಗದದಿಂದ ಮುಚ್ಚಿಕೊಂಡು, ಪ್ರತಿ ಪ್ರಶ್ನೆಯ ಬಲಗಡೆ ಅಂಚಿನಲ್ಲಿ ಅಲ್ಲಿಯವರೆಗಿನ ಅಂಕಗಳ ಮೊತ್ತವನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗುತ್ತೇನೆ. ‘ಅಥವಾ’ ಇರುವ ಜೋಡಿಗೆ ಒಂದೇ ಸಲ ಅಂಕ. ವಿಭಾಗಗಳ ಕೊನೆಯಲ್ಲಿ ಕ್ರಮವಾಗಿ 8, 16, 32, 59, 75, 80 ಬರಬೇಕು. ಈ ಆರು ಸಂಖ್ಯೆಗಳನ್ನು ಮೊದಲೇ ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಂಡಿರುತ್ತೇನೆ. ಬರಿಯ ಕೊನೆಯ ಮೊತ್ತವನ್ನು ನೋಡಿದರೆ ತಪ್ಪಿದೆ ಎಂದಷ್ಟೇ ತಿಳಿಯುತ್ತದೆ. ಹೀಗೆ ನಡುನಡುವೆ ನೋಡಿದರೆ ಎಲ್ಲಿ ತಪ್ಪಿದೆ ಎಂಬುದೂ ತಿಳಿಯುತ್ತದೆ.

ಮೂರನೆಯ ವಿಭಾಗದ ಕೊನೆಗೆ ನನಗೆ 32ರ ಬದಲು 34 ಬಂತು. ಎರಡು ಅಂಕದ ಪ್ರಶ್ನೆಗಳು ಎಂಟಲ್ಲ, ಒಂಬತ್ತಿದ್ದವು. ಹಿಂದಕ್ಕೆ ಹೋಗಿ ಕೈಬರಹದ ಪ್ರತಿಯೊಂದಿಗೆ ಹೋಲಿಸಿದಾಗ ಕಾರಣ ಸಿಕ್ಕಿತು. 21ನೆಯ ಪ್ರಶ್ನೆಗೆ ಒಂದು ಆಯ್ಕೆಯಿತ್ತು. ಆ ಎರಡರ ನಡುವಿನ ‘ಅಥವಾ’ ಎಂಬ ಪದ ಪುಟದ ಕೊನೆಯ ಸಾಲಿನಲ್ಲಿ ಒಂಟಿಯಾಗಿ ನಿಂತಿತ್ತಂತೆ. ಪುಟವನ್ನು ಹೊಂದಿಸುವಾಗ ಅದು ಅಳಿಸಿಹೋಗಿದೆ. ಆಯ್ಕೆಯ ಪ್ರಶ್ನೆ ಮುಂದಿನ ಪುಟದ ಮೇಲ್ಭಾಗಕ್ಕೆ ಹೋಗಿ, ತಾನೇ ತಾನಾಗಿ 22 ಎಂಬ ಸಂಖ್ಯೆ ಪಡೆದಿದೆ. ಅಲ್ಲಿಂದ ಮುಂದೆ ಒಂದೊಂದೇ ಸರಿದು ವಿಭಾಗ 25ಕ್ಕೆ ಮುಗಿದಿದೆ. ಮೂರು ಅಂಕದ ವಿಭಾಗಕ್ಕೆ ಮಾತ್ರ ಸಂಖ್ಯೆಗಳನ್ನು ಕೈಯಿಂದ ಹಾಕಿದ್ದರಿಂದ ಅದು ಮತ್ತೆ 25ರಿಂದಲೇ ಆರಂಭವಾಗಿದೆ. ಪತ್ರಿಕೆಯಲ್ಲಿ 25 ಎರಡು ಸಲ ಇತ್ತು, ಆದರೆ ಒಂದು ಎರಡನೆಯ ಪುಟದ ಕೊನೆಯಲ್ಲಿ, ಇನ್ನೊಂದು ಮೂರನೆಯ ಪುಟದ ಆರಂಭದಲ್ಲಿ. ನಡುವೆ ಒಂದು ಶೀರ್ಷಿಕೆ. ಮೊದಲಿನಿಂದ ಓದುತ್ತಾ ಬಂದವರಿಗೆ ಕಾಣುವುದೇ ಇಲ್ಲ.

ಇದು ಹಾಗೆಯೇ ಅಚ್ಚಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಮಕ್ಕಳು 82 ಅಂಕಗಳಿಗೆ ಬರೆಯುತ್ತಾರೆ. ಉತ್ತರಪತ್ರಿಕೆಯಲ್ಲಿ 25 ಎಂದು ಬರೆದು ಎರಡು ಬೇರೆ ಲೆಕ್ಕಗಳು. ಮೌಲ್ಯಮಾಪಕರು ಒಂದನ್ನು ಪುನರಾವರ್ತನೆ ಎಂದು ಬಿಟ್ಟುಬಿಡುವ ಸಾಧ್ಯತೆ ಬಹಳ.

ಸಂಖ್ಯೆಗಳ ಕ್ರಮವನ್ನು ನೋಡುವಾಗ ನಾನು ಕೊನೆಯಿಂದ ಹಿಂದಕ್ಕೆ ಓದುತ್ತೇನೆ: 38, 37, 36 ಎಂದು. ಮುಂದಕ್ಕೆ ಓದುವಾಗ ನಾಲಗೆ ಮುಂದಿನ ಸಂಖ್ಯೆಯನ್ನು ತಾನೇ ಹೇಳಿಬಿಡುತ್ತದೆ, ಕಣ್ಣು ನೋಡುವುದಿಲ್ಲ. ಹಿಂದಕ್ಕೆ ಓದುವಾಗ ಪ್ರತಿಯೊಂದನ್ನೂ ನೋಡಲೇಬೇಕಾಗುತ್ತದೆ.

ಮುಂದಿನ ಕೆಲಸ ಪತ್ರಿಕೆಯನ್ನು ಪೂರ್ತಿ ಬಿಡಿಸುವುದು. ಮಾದರಿ ಉತ್ತರವನ್ನು ತೆರೆಯದೆ, ಮಕ್ಕಳು ಬರೆಯುವಂತೆ ಎಲ್ಲ ಹಂತಗಳೊಂದಿಗೆ. ಆಯ್ಕೆಯ ಪ್ರಶ್ನೆಗಳನ್ನೂ ಬಿಡುವುದಿಲ್ಲ. ಈ ಸಲ ಇದರಲ್ಲಿ ಸಿಕ್ಕಿದ್ದು ಮಧ್ಯಾಂಕದ ಪ್ರಶ್ನೆ. ‘50 ವಿದ್ಯಾರ್ಥಿಗಳು ಗಳಿಸಿದ ಅಂಕಗಳ ಆವೃತ್ತಿ ವಿತರಣೆ ಕೊಟ್ಟಿದೆ’ ಎಂದು ಆರಂಭ. ವರ್ಗಾಂತರಗಳು 0–10, 10–20 ಹೀಗೆ ಆರು. ಆವೃತ್ತಿಗಳು 4, 8, 14, 12, 7, 3. ಕೂಡಿ ನೋಡಿದರೆ 48. ಕೈಬರಹದಲ್ಲಿ ಕೊನೆಯದು 5 ಇತ್ತು, ಟೈಪ್ ಮಾಡುವಾಗ 3 ಆಗಿತ್ತು. ಎರಡು ವಿದ್ಯಾರ್ಥಿಗಳ ವ್ಯತ್ಯಾಸ ತಾನೇ ಎನ್ನುವಂತಿಲ್ಲ. ವಾಕ್ಯವನ್ನು ನಂಬಿದ ಮಗು n/2 = 25 ಎಂದು ಹಿಡಿದು 29.29 ಎಂಬ ಉತ್ತರ ಪಡೆಯುತ್ತದೆ. ಪಾಠದಲ್ಲಿ ನಾವೇ ಹೇಳಿಕೊಟ್ಟಂತೆ ಆವೃತ್ತಿಗಳನ್ನು ಕೂಡಿದ ಮಗು 24 ಹಿಡಿದು 28.57 ಪಡೆಯುತ್ತದೆ. ಹೆಚ್ಚು ಎಚ್ಚರಿಕೆಯ ಮಗುವೇ ಮಾದರಿ ಉತ್ತರದಿಂದ ದೂರ ಹೋಗುತ್ತದೆ. ಅಂಕಿಅಂಶಗಳ ಕೋಷ್ಟಕ ಕಂಡರೆ ಮೊದಲು ಮೊತ್ತ ಮಾಡಿ, ಆಮೇಲೆ ಪ್ರಶ್ನೆ ಓದಬೇಕು.

ಬಿಡಿಸುವುದರಿಂದ ಎಲ್ಲ ತಪ್ಪೂ ಸಿಗುವುದಿಲ್ಲ. ಹಡಗಿನ ಪ್ರಶ್ನೆಯನ್ನೂ ನಾನು ಬಿಡಿಸಿಯೇ ಸಹಿ ಮಾಡಿದ್ದೆ. ಅದೇ ಲೆಕ್ಕವನ್ನು ತರಗತಿಯಲ್ಲಿ ಹಲವಾರು ವರ್ಷ ಮಾಡಿದವನಿಗೆ ಎರಡೂ ಹಡಗುಗಳು ಒಂದೇ ಕಡೆ ಕಾಣುತ್ತವೆ. ಬರೆಯದೆ ಬಿಟ್ಟ ಮಾತನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಹಾಗಾಗಿ ಗಣಿತ ಕಲಿಸದ ಒಬ್ಬರು ಓದಲೇಬೇಕು. ಗೋಪ್ಯತೆಯ ಕಾರಣ ಸಿಕ್ಕವರಿಗೆಲ್ಲ ತೋರಿಸುವಂತಿಲ್ಲ. ಪರಿಶೀಲನಾ ತಂಡದಲ್ಲಿ ಕನ್ನಡ ಶಿಕ್ಷಕಿಯೊಬ್ಬರು ಇದ್ದರು. ಅವರಿಗೆ ಉತ್ತರ ಬೇಡ, ಪ್ರತಿ ಪ್ರಶ್ನೆಯಲ್ಲೂ ಯಾರು, ಯಾವುದು, ಯಾವುದಕ್ಕಿಂತ ಎಂಬುದು ಸ್ಪಷ್ಟವಾಗಿದೆಯೇ ಎಂದಷ್ಟೇ ನೋಡಿ ಎಂದು ಕೇಳಿಕೊಂಡೆ.

ಅವರು ಮೂರು ಅಂಕದ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟರು: ‘ಎರಡಂಕಿಯ ಒಂದು ಸಂಖ್ಯೆಯ ಅಂಕಿಗಳ ಮೊತ್ತ 9. ಅಂಕಿಗಳ ಸ್ಥಾನವನ್ನು ಅದಲುಬದಲು ಮಾಡಿದಾಗ ದೊರೆಯುವ ಸಂಖ್ಯೆಗೂ ಮೂಲ ಸಂಖ್ಯೆಗೂ ಇರುವ ವ್ಯತ್ಯಾಸ 9. ಆ ಸಂಖ್ಯೆಯನ್ನು ಕಂಡುಹಿಡಿಯಿರಿ.’

‘ಸರ್, ಇದರಲ್ಲಿ ಯಾವುದು ದೊಡ್ಡದು? ಮೊದಲಿನದೋ, ತಿರುಗಿಸಿದ ಮೇಲೆ ಬಂದದ್ದೋ?’

ನಾನು ಮೂಲ ಸಂಖ್ಯೆಯೇ ದೊಡ್ಡದೆಂದು ಹಿಡಿದು 54 ಎಂದು ಉತ್ತರ ಬರೆದಿದ್ದೆ. ಮಾದರಿ ಉತ್ತರದಲ್ಲಿ 45 ಇತ್ತು. ಅಂಕಿಗಳ ವ್ಯತ್ಯಾಸ 1, ಮೊತ್ತ 9, ಅಂದರೆ 4 ಮತ್ತು 5. ಯಾವುದು ಹತ್ತರ ಸ್ಥಾನದಲ್ಲಿದೆ ಎಂದು ಪ್ರಶ್ನೆ ಹೇಳಿಯೇ ಇಲ್ಲ.

‘ಹಾಗಾದರೆ ‘ವ್ಯತ್ಯಾಸ’ ಎನ್ನುವುದೇ ಬೇಡ ಸರ್. ‘ಗಿಂತ’ ಹಾಕಿಬಿಡಿ’ ಎಂದರು.

ಅವರು ಹೇಳಿದಂತೆಯೇ ಬದಲಾಯಿಸಿದೆವು: ‘ಅದಲುಬದಲು ಮಾಡಿದಾಗ ದೊರೆಯುವ ಸಂಖ್ಯೆಯು ಮೂಲ ಸಂಖ್ಯೆಗಿಂತ 9 ಹೆಚ್ಚು.’ ಈಗ ಉತ್ತರ 45 ಒಂದೇ. ವ್ಯತ್ಯಾಸ ಎಂಬ ಪದಕ್ಕೆ ದಿಕ್ಕಿಲ್ಲ, ‘ಗಿಂತ’ಕ್ಕೆ ದಿಕ್ಕಿದೆ. ಇಷ್ಟು ವರ್ಷ ಗಣಿತ ಕಲಿಸಿದ ನನಗೆ ಹೊಳೆಯದ ಈ ಮಾತನ್ನು ಅವರು ಒಂದೇ ಓದಿಗೆ ಹಿಡಿದರು. ಅವರ ಮೇಲಿನ ಗೌರವದಿಂದಲೇ ಇದನ್ನು ಬರೆಯುತ್ತಿದ್ದೇನೆ. ಎರಡೂ ಉತ್ತರ ಬರೆಯಬೇಕೆಂಬುದೇ ಉದ್ದೇಶವಾಗಿದ್ದರೆ ‘ಅಂತಹ ಎಷ್ಟು ಸಂಖ್ಯೆಗಳಿವೆ?’ ಎಂದು ಕೇಳಬೇಕು, ಆಗ ಅದು ಒಳ್ಳೆಯ ಪ್ರಶ್ನೆಯೇ.

ಇವೆಲ್ಲ ಮುಗಿದ ಮೇಲೆ ಮಾದರಿ ಉತ್ತರದ ಹಂತದ ಅಂಕಗಳನ್ನು ಕೂಡಿ ನೋಡುತ್ತೇನೆ. ಅರ್ಧ, ಅರ್ಧ, ಒಂದು ಎಂದು ಬರೆದಿರುವುದು ಆ ಪ್ರಶ್ನೆಯ ಅಂಕಕ್ಕೆ ಸಮವಾಗಬೇಕು. ಮೂರು ಅಂಕದ ಉತ್ತರವೊಂದರಲ್ಲಿ ಹಂತಗಳು ಎರಡೂವರೆಗೆ ನಿಂತಿದ್ದವು. ಪೂರ್ಣ ಸರಿಯಾಗಿ ಬರೆದವರಿಗೂ ಅರ್ಧ ಅಂಕ ಕಡಿಮೆಯಾಗುತ್ತಿತ್ತು.

ಪರದೆಯ ಮೇಲೆ ಎಷ್ಟೇ ನೋಡಿದರೂ ಕೊನೆಯ ಪರಿಶೀಲನೆ ಅಚ್ಚಿಗೆ ಹೋಗುವ ಕಾಗದದ ಪ್ರತಿಯ ಮೇಲೆಯೇ ಆಗಬೇಕು. ಕಡತ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಒಂದು ಅಕ್ಷರ ವಿನ್ಯಾಸದಿಂದ ಇನ್ನೊಂದಕ್ಕೆ ಹೋಗುವಾಗ ಮೇಲೇರಿಸಿದ ಸಣ್ಣ ಅಕ್ಷರಗಳು ಕೆಳಗಿಳಿಯುತ್ತವೆ. x² ಎಂಬುದು x2 ಆಗುತ್ತದೆ. ಡಿಗ್ರಿಯ ಚಿಹ್ನೆಯ ಬದಲು ಮೇಲೇರಿಸಿದ ಸೊನ್ನೆ ಹಾಕಿದ್ದರೆ sin 30° ಎಂಬುದು sin 300 ಆಗುತ್ತದೆ. ಅದಕ್ಕೇ ಡಿಗ್ರಿಗೆ ಅದರದೇ ಚಿಹ್ನೆ ಬಳಸಿ ಎಂದು ಟೈಪ್ ಮಾಡುವವರಿಗೆ ಮೊದಲೇ ಬರೆದುಕೊಡುತ್ತೇನೆ.

ತಿದ್ದುಪಡಿಯೇ ಹೊಸ ತಪ್ಪನ್ನು ತರುವುದೂ ಉಂಟು. ಈ ಪತ್ರಿಕೆಯಲ್ಲಿ ಬಿಟ್ಟುಹೋದ ‘ಅಥವಾ’ ಸೇರಿಸಿದ್ದರಿಂದ ಒಂದು ಸಾಲು ಹೆಚ್ಚಾಯಿತು. 31ನೆಯ ಪ್ರಶ್ನೆಯ ವೃತ್ತದ ಚಿತ್ರ ಪುಟದ ಹಿಂಬದಿಗೆ ಹೋಯಿತು, ಪ್ರಶ್ನೆ ಮುಂಬದಿಯಲ್ಲೇ ಉಳಿಯಿತು. ಚಿತ್ರ ನೋಡಲು ಮಕ್ಕಳು ಪ್ರತಿ ಸಲ ಪುಟ ತಿರುಗಿಸಬೇಕಿತ್ತು. ಪ್ರಶ್ನೆಗಳ ನಡುವಿನ ಖಾಲಿ ಜಾಗವನ್ನು ಸ್ವಲ್ಪ ತಗ್ಗಿಸಿ ಚಿತ್ರವನ್ನು ಮುಂಬದಿಗೆ ತಂದೆವು. ಹೊಸ ಪ್ರತಿ ತೆಗೆಸಿ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಂಚಿನಲ್ಲಿ ಮತ್ತೆ ಮೊದಲಿನಿಂದ ಕೂಡಿದೆ: 8, 16, 32, 59, 75, 80. ಆಮೇಲೆ 38ರಿಂದ 1ರವರೆಗೆ ಹಿಂದಕ್ಕೆ ಓದಿ, ಪ್ರತಿ ಪುಟದ ಕೆಳಗೂ ಸಹಿ ಮಾಡಿ, ಪ್ರತಿಯನ್ನು ಲಕೋಟೆಗೆ ಹಾಕಿದೆ.